ಅಪ್‌ಡೇಟ್: ಹೇರ್ ಡೈ ಪ್ಯಾಚ್ ಟೆಸ್ಟ್ ಫಾರ್ಮ್ ಈಗ ಹೀಗಿದೆ

ನಾನು ಕೇಳಿದ್ದು: "ಎರಡು ಕುರ್ಚಿಯ ಪಾರ್ಲರ್. ಡೈ ಹಾಕುವ ಮುಂಚೆ ಒಪ್ಪಿಗೆ, ಪ್ಯಾಚ್ ಟೆಸ್ಟ್ ಬರೆಸಿಕೊಳ್ಳಲು ಒಂದೇ ಹಾಳೆ ಸಾಕಾ?"

ಒಂದೇ ಹಾಳೆ ಸಾಕು, ಆದರೆ ಸಹಿ ಎರಡು ಬೇಕು. ಮೊದಲನೆಯದು ಟೆಸ್ಟ್‌ಗೆಂದು ಸ್ವಲ್ಪ ಡೈಯನ್ನು ಚರ್ಮಕ್ಕೆ ಹಚ್ಚಿದ ದಿನ, ಎರಡನೆಯದು ಡೈ ಹಾಕುವ ದಿನ. ಮೊದಲೇ ಎರಡೂ ಹಾಕಿಸಿಕೊಂಡರೆ ಫಲಿತಾಂಶ ನೋಡದೆಯೇ ಒಪ್ಪಿಗೆ ಪಡೆದಂತಾಗುತ್ತದೆ.

"ಅಲರ್ಜಿ ಇದೆಯೇ?" ಎಂಬ ಸಾಲು ತೆಗೆದೆ. ಅದಕ್ಕೆ ಎಲ್ಲರೂ "ಇಲ್ಲ" ಅಂತಲೇ ಹೇಳುತ್ತಾರೆ. ಬದಲಿಗೆ, "ಹಿಂದೆ ಡೈ ಹಾಕಿದಾಗ ನೆತ್ತಿ ತುರಿಸಿತ್ತೇ, ರೆಪ್ಪೆ ಊದಿತ್ತೇ? ಕಪ್ಪು ಮೆಹಂದಿ ಟ್ಯಾಟೂ ಹಾಕಿಸಿಕೊಂಡಿದ್ದಿರಾ?" ಕಪ್ಪು ಮೆಹಂದಿಯಲ್ಲಿ ಹಲವೆಡೆ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನೇ ಬೆರೆಸುತ್ತಾರೆ. ಆಗ ಚರ್ಮ ಕೆಂಪಾಗಿ ಗುಳ್ಳೆ ಎದ್ದಿದ್ದರೆ ಟೆಸ್ಟ್ ಕೂಡ ಬೇಡ, ಚರ್ಮವೈದ್ಯರ ಹತ್ತಿರ ಕಳಿಸಬೇಕು.

ಟೆಸ್ಟ್ ಸಾಲಿನಲ್ಲಿ ಗಂಟೆಯೂ ಇರಲಿ. ಸೋಮವಾರ ಸಂಜೆ 6ಕ್ಕೆ ಕಿವಿಯ ಹಿಂದೆ ಹಚ್ಚಿದರೆ ಬುಧವಾರ ಸಂಜೆ 6ಕ್ಕೆ 48 ಗಂಟೆ. ಈ ಅಲರ್ಜಿ ತಡವಾಗಿ ಕಾಣಿಸುತ್ತದೆ, ಮಂಗಳವಾರ ಚರ್ಮ ಸರಿಯಿದೆ ಎಂದು ಟಿಕ್ ಹಾಕುವುದೇ ದೊಡ್ಡ ತಪ್ಪು. ಪ್ಯಾಕೆಟ್‌ನ ಸೂಚನೆ ಬೇರೆ ವಿಧಾನ ಹೇಳಿದ್ದರೆ ಅದರಂತೆ ಹಚ್ಚಿ. ಫಲಿತಾಂಶಕ್ಕೆ "ಸರಿ" ಅಂತ ಬರೆಯದೆ "ಕೆಂಪು ಇಲ್ಲ, ತುರಿಕೆ ಇಲ್ಲ, ಊತ ಇಲ್ಲ" ಎಂದು ಬಿಡಿಸಿ, ನೋಡಿದವರ ಹೆಸರು ಬರೆಯಿರಿ.

ಗಿರಾಕಿಯ ಕಾರ್ಡಿನಲ್ಲಿ ಬ್ರ್ಯಾಂಡ್, ಶೇಡ್ ನಂಬರ್, ಪೆಟ್ಟಿಗೆಯ ಬ್ಯಾಚ್ ನಂಬರ್, ಡೆವಲಪರ್ ಎಷ್ಟು ಅಂತ ಇದೆ. ಬ್ರ್ಯಾಂಡ್ ಬದಲಾದರೆ ಹೊಸ ಟೆಸ್ಟ್. ಕಾರ್ಡುಗಳು ಕೌಂಟರ್ ಮೇಲಲ್ಲ, ಬೀಗದ ಡ್ರಾಯರ್‌ನಲ್ಲಿ.