ಬೇರಿಂಗ್ ಲಾಗ್‌ನಲ್ಲಿ 850: ತೆಗೆಯಬೇಕೆ, ಇಡಬೇಕೆ?

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ): ನಿರ್ವಹಣಾ ಸಾರಾಂಶ ಬರೆಯುವ ಮೊದಲು ಸೆನ್ಸರ್ ಲಾಗ್‌ನ ಅಸಹಜ ಅಂಕಿಗಳನ್ನು ಹೇಗೆ ಗುರುತಿಸುತ್ತೀರಿ? ನಮ್ಮ ಬೇರಿಂಗ್‌ನ ಶಾಖ ಅಳೆಯುವ Pt100 ಸೆನ್ಸರ್ ನಿಮಿಷಕ್ಕೊಂದರಂತೆ 58, 59, 61, 60, 58, 62 ಡಿಗ್ರಿ ತೋರಿಸಿ, ಒಮ್ಮೆಲೇ 850 ತೋರಿಸಿದೆ.

ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯಿಂದ: ಏನನ್ನೂ ಅಳಿಸಬೇಡಿರಿ. ನಮ್ಮಲ್ಲಿ ಹಿಂದಿನ ಹಂಗಾಮಿನಲ್ಲಿ ಮೇಲಧಿಕಾರಿಯೊಬ್ಬರು 80 ದಾಟಿದ ಅಂಕಿಗಳನ್ನೆಲ್ಲ ಸೆನ್ಸರ್ ದೋಷವೆಂದು ತೆಗೆಸಿ ಸಾರಾಂಶ ಕಳುಹಿಸಿದರು. ಕೆಲವೇ ದಿನಗಳಲ್ಲಿ ಗನ್‌ಮೆಟಲ್ ಬೇರಿಂಗ್ ಕಚ್ಚಿಕೊಂಡು ಮಿಲ್ ನಿಂತಿತು. ಬೇರಿಂಗ್‌ನ ಬೆಲೆ ಹಾಗಿರಲಿ, ಕ್ರೇನ್ ಬಾಡಿಗೆ, ರಾತ್ರಿ ಪಾಳಿಯ ಹೆಚ್ಚುವರಿ ಕೂಲಿ, ಅಂಗಳದಲ್ಲಿ ಒಣಗಿ ತೂಕ ಕಳೆದುಕೊಂಡ ಕಬ್ಬು, ಟ್ರ್ಯಾಕ್ಟರ್‌ನವರ ಬೈಗುಳ, ಎಲ್ಲವೂ ನಮ್ಮ ವಿಭಾಗದ ತಲೆಗೇ ಬಂದವು. ಅಂದಿನಿಂದ ಸರಾಸರಿ ತೆಗೆದು, ಪ್ರಮಾಣಿತ ವಿಚಲನೆಯ ಮೂರು ಪಟ್ಟಿನಾಚೆ ಇರುವುದನ್ನು ಮಾತ್ರ ಗುರುತು ಹಾಕುತ್ತೇನೆ. ಬೇರೆ ಯಾವ ವಿದ್ಯೆಯೂ ಬೇಕಿಲ್ಲ.

ವಿಜಯಪುರ, ಇನ್‌ಸ್ಟ್ರುಮೆಂಟೇಶನ್: ಅಳಿಸಬಾರದು ಎಂಬುದು ಸರಿ, ಆದರೆ ತಮ್ಮ ಸೂತ್ರವನ್ನು ಇದೇ ಏಳು ಅಂಕಿಗಳ ಮೇಲೆ ಹಾಕಿ ನೋಡಿ. 850 ಸೇರಿಕೊಂಡಿರುವುದರಿಂದ ಸರಾಸರಿ ಸುಮಾರು 173ಕ್ಕೂ ವಿಚಲನೆ ಸುಮಾರು 299ಕ್ಕೂ ಏರುತ್ತವೆ, ಮಿತಿ 1,000 ದಾಟುತ್ತದೆ, 850 ನಿರಾಳವಾಗಿ ಒಳಗೇ ಉಳಿಯುತ್ತದೆ. ಕಳ್ಳನೇ ಪಂಚನಾಮೆ ಬರೆದಂತಾಯಿತು. ಮಧ್ಯಾಂಕವನ್ನು ಹಿಡಿಯಿರಿ: ಅದು 60. ಪ್ರತಿ ಅಂಕಿಯೂ 60ರಿಂದ ಎಷ್ಟು ದೂರವಿದೆಯೆಂದು ಬರೆದು ಆ ದೂರಗಳ ಮಧ್ಯಾಂಕ ತೆಗೆದರೆ 2 ಬರುತ್ತದೆ. ಅದನ್ನು ಪ್ರಮಾಣಿತ ವಿಚಲನೆಯ ಅಳತೆಗೆ ತರುವ 1.4826ರಿಂದ ಗುಣಿಸಿ ಮೂರು ಪಟ್ಟು ಮಾಡಿದರೆ ಸುಮಾರು 9, ಅಂದರೆ 69ರ ಮೇಲಿನದು ಅಸಹಜ.

ಇನ್ನು ಆ 850 ಶಾಖವಲ್ಲ. Pt100ರ ತಂತಿ ಸಡಿಲವಾಗಿ ಸರ್ಕ್ಯೂಟ್ ತೆರೆದುಕೊಂಡಾಗ ಸಾಮಾನ್ಯವಾಗಿ ಅಂಕಿ ಅಳತೆಯ ಮೇಲ್ತುದಿಗೆ ಹಾರುತ್ತದೆ. ಕಬ್ಬಿಣದ ಹೌಸಿಂಗ್ ಒಂದು ನಿಮಿಷದಲ್ಲಿ ಹಾಗೆ ಕಾಯಲಾರದು. ನಿಜವಾದ ಬಿಸಿ 64, 67, 71 ಎಂದು ಮೆಟ್ಟಿಲು ಹತ್ತುತ್ತದೆ, ಬಹಳ ಸಲ ಮೋಟಾರಿನ ಕರೆಂಟ್ ಕೂಡ ಜೊತೆಗೆ ಏರುತ್ತದೆ. ಸಾರಾಂಶದಲ್ಲಿ ಇದನ್ನು ಬೇರಿಂಗ್ ಕೆಳಗಲ್ಲ, ಸೆನ್ಸರ್ ದುರಸ್ತಿಯ ಕೆಳಗೆ ಬರೆಯಿರಿ.

ಜಮಖಂಡಿ: ಏಳು ಅಂಕಿ ಹಿಡಿದು ಲೆಕ್ಕ ಮಾಡುವವರು ಯಾರು ಸ್ವಾಮಿ? ನಮಗೆ ದಿನಕ್ಕೆ ಸಾವಿರಾರು ಬರುತ್ತವೆ, ಅಲ್ಲಿ ನನ್ನ ಸೂತ್ರ ಒಂಟಿ 850ನ್ನು ಹಿಡಿದೇ ಹಿಡಿಯುತ್ತದೆ.

ವಿಜಯಪುರ: ಒಂಟಿಯಾಗಿದ್ದರೆ ಹಿಡಿಯುತ್ತದೆ. ಸಡಿಲ ತಂತಿ ದಿನವಿಡೀ ಅಲುಗಿದರೆ 850 ನೂರಾರು ಸಲ ಬಂದು ತಮ್ಮ ವಿಚಲನೆಯನ್ನು ಮತ್ತೆ ಉಬ್ಬಿಸುತ್ತದೆ.

ಬೆಳಗಾವಿ, ಫೌಂಡ್ರಿ ಮಾಲೀಕ: ಇಬ್ಬರೂ ಜಗಳ ನಿಲ್ಲಿಸಿ ನನ್ನ ಕಂಪ್ರೆಸರ್ ಕಥೆ ಕೇಳಿ. ಮಧ್ಯಾಂಕದ ವಿಧಾನವನ್ನು ಒಬ್ಬ ಸಲಹೆಗಾರರು ನಮ್ಮಲ್ಲಿ ದುಬಾರಿ ಶುಲ್ಕಕ್ಕೆ ಹಾಕಿಕೊಟ್ಟರು. ಯಂತ್ರ ಹೆಚ್ಚು ಹೊತ್ತು ನಿಂತಿರುವ ದಿನ ಅರ್ಧಕ್ಕಿಂತ ಹೆಚ್ಚು ಅಂಕಿಗಳು ಒಂದೇ ಆಗಿ ದೂರಗಳ ಮಧ್ಯಾಂಕ ಸೊನ್ನೆಯಾಗುತ್ತಿತ್ತು, ಆಮೇಲೆ ಯಂತ್ರ ಚಾಲೂ ಆದದ್ದೇ ಅಸಹಜವೆಂದು ಪಟ್ಟಿಯಲ್ಲಿ ಬರುತ್ತಿತ್ತು. ಶುಲ್ಕವಂತೂ ಹೋಯಿತು.

ವಿಜಯಪುರ: ಅದು ವಿಧಾನದ ದೋಷವಲ್ಲ. ಚಾಲನೆಯ ಹೊತ್ತು, ನಿಂತ ಹೊತ್ತು ಬೇರ್ಪಡಿಸದೆ ಲೆಕ್ಕ ಹಾಕಿದವರ ದೋಷ.

ಫೌಂಡ್ರಿ ಮಾಲೀಕ: ಬೇರ್ಪಡಿಸಲು ಚಾಲನೆಯ ಸಿಗ್ನಲ್ ಲಾಗ್‌ನಲ್ಲಿ ಇರಬೇಕಲ್ಲ! ಹಳೆಯ ಪ್ಯಾನೆಲ್‌ನಿಂದ ಅದನ್ನು ಎಳೆಯುವ ಖರ್ಚು ತಾವು ಕೊಡುತ್ತೀರೇನು?

ಜಮಖಂಡಿ: ನೋಡಿದಿರಾ, ಅದಕ್ಕೇ ನಾನು ಸರಾಸರಿಯನ್ನು ಬಿಟ್ಟಿಲ್ಲ.