ಹರಳೂರು ರಸ್ತೆಯ ಬೇಕರಿ ಯಾವ ವಾರ್ಡಿಗೆ, ಯಾವ ಪಾಲಿಕೆಗೆ?

ಪ್ರಶ್ನೆ (ಬೇಕರಿ ತೆರೆಯುತ್ತಿರುವವರು): ಹರಳೂರು ರಸ್ತೆಯಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದಿದ್ದೇನೆ. ಕರಾರು ಪತ್ರದ ವಿಳಾಸದಲ್ಲಿ ಎಚ್‌ಎಸ್‌ಆರ್ ಲೇಔಟ್, 560102 ಅಂತಿದೆ. ಮಾಲೀಕರು ಕೊಟ್ಟ ಹಳೇ ತೆರಿಗೆ ರಸೀದಿಯಲ್ಲಿ ಬೆಳ್ಳಂದೂರು, ವಾರ್ಡ್ 150 ಅಂತಿದೆ, ವಲಯ ಅನ್ನೋ ಕಡೆ ‘ಡಿ’ ಅಂತ ಒಂದೇ ಅಕ್ಷರ. ಉದ್ದಿಮೆ ಪರವಾನಗಿ ಅರ್ಜಿಗೆ ಯಾವ ವಾರ್ಡ್, ಯಾವ ವಲಯ ತುಂಬಲಿ?

ಸ್ಟೇಷನರಿ ಅಂಗಡಿಯವರು: 560102 ಅಂದ್ರೆ ಎಚ್‌ಎಸ್‌ಆರ್ ಲೇಔಟ್, ಅದು ಬೊಮ್ಮನಹಳ್ಳಿ ವಲಯ. ಈಗ ಬೆಂಗಳೂರು ದಕ್ಷಿಣ ನಗರ ಪಾಲಿಕೆ. ನನ್ನ ಅಂಗಡಿಗೂ ಅದೇ ಪಿನ್‌ಕೋಡ್, ಅದೇ ರೀತಿ ತುಂಬಿದೆ, ಪರವಾನಗಿ ಬಂತು. ರಸೀದಿಯಲ್ಲಿ ತಪ್ಪು ಮುದ್ರಣ ಆಗಿರಬೇಕು.

ನಿವೃತ್ತ ಕಂದಾಯ ನಿರೀಕ್ಷಕರು: ಮೇಡಂ, ಅರ್ಜಿ ಇನ್ನೂ ಹಾಕಿಲ್ಲ ತಾನೇ? ಹಾಕಬೇಡಿ. ಮೇಲಿನವರು ಹೇಳಿದ್ದು ಅವರ ಅಂಗಡಿಗೆ ಸರಿ. ಎಚ್‌ಎಸ್‌ಆರ್ ಸೆಕ್ಟರ್‌ಗಳು ಬೊಮ್ಮನಹಳ್ಳಿ ವಲಯದಲ್ಲೇ ಇದ್ದವು. ಆದರೆ ಪಿನ್‌ಕೋಡ್ ಅಂಚೆಯವರು ಟಪಾಲು ಹಂಚಲು ಮಾಡಿಕೊಂಡ ಗೆರೆ, ಅದಕ್ಕೂ ವಾರ್ಡಿನ ಗಡಿಗೂ ಸಂಬಂಧವಿಲ್ಲ. ಹರಳೂರು ಕಡೆಯ ಬಹಳಷ್ಟು ಕಟ್ಟಡಗಳು 560102 ಅಂತಲೇ ಬರೆದುಕೊಳ್ಳುತ್ತವೆ. ಹರಳೂರು ಗ್ರಾಮ ಮಾತ್ರ ವರ್ತೂರು ಹೋಬಳಿ, ಬೆಂಗಳೂರು ಪೂರ್ವ ತಾಲ್ಲೂಕು. ಬಿಬಿಎಂಪಿ ಕಾಲದಲ್ಲಿ ಅದು ಬೆಳ್ಳಂದೂರು ವಾರ್ಡ್, ಮಹದೇವಪುರ ವಲಯ. ಹಾಗಾಗಿ ರಸೀದಿಯನ್ನು ತಪ್ಪು ಅನ್ನುವ ಮೊದಲು ಅದನ್ನೇ ನಂಬಿ ಹೊರಡಿ. ಖಾತೆ ತೆರೆದಾಗ ಯಾವ ಕಚೇರಿಯ ವಹಿಯಲ್ಲಿ ಆಸ್ತಿ ಸೇರಿತೋ ಅದು ರಸೀದಿಯಲ್ಲಿ ಬರುತ್ತದೆ. ಕರಾರು ಪತ್ರದ ವಿಳಾಸವನ್ನು ಯಾರೂ ಪರಿಶೀಲಿಸಿರುವುದಿಲ್ಲ.

ಆ ‘ಡಿ’ ಬೇರೆಯೇ ವಿಷಯ. ಅದು ಕಚೇರಿಯ ವಲಯವಲ್ಲ, ತೆರಿಗೆ ದರದ ವಲಯ. 2008ರಲ್ಲಿ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ಬಂದಾಗ ಮಾರ್ಗಸೂಚಿ ಬೆಲೆ ನೋಡಿ ರಸ್ತೆಗಳನ್ನು ಎ ಇಂದ ಎಫ್‌ವರೆಗೆ ವಿಂಗಡಿಸಿದರು. ಚದರಡಿಗೆ ಎಷ್ಟು ಅನ್ನುವುದು ಆ ಅಕ್ಷರದ ಮೇಲೆ ನಿಂತಿದೆ. ಪರವಾನಗಿ ಅರ್ಜಿಯಲ್ಲಿ ವಲಯ ಕೇಳಿದರೆ ಅವರಿಗೆ ಬೇಕಿರುವುದು ಆಡಳಿತದ ವಲಯ, ಅಂದರೆ ನಿಮ್ಮ ಫೈಲು ಯಾವ ಆರೋಗ್ಯ ವೈದ್ಯಾಧಿಕಾರಿಯ ಮೇಜಿಗೆ ಹೋಗಬೇಕು ಅನ್ನುವುದು. ಅಲ್ಲಿ ‘ಡಿ’ಗೆ ಕೆಲಸವಿಲ್ಲ.

ಬೇಕರಿಯವರು: ಸರ್, ಹಾಗಾದರೆ ವಾರ್ಡ್ 150 ಅಂತ ಹಾಕಿಬಿಡಲಾ?

ನಿವೃತ್ತ ಕಂದಾಯ ನಿರೀಕ್ಷಕರು: ಆ ಸಂಖ್ಯೆ ಹಾಕಬೇಡಿ. 150 ಅನ್ನುವುದು 198 ವಾರ್ಡ್ ಇದ್ದ ಕಾಲದ್ದು. ಆಮೇಲೆ 243 ಮಾಡಿದರು, ಮತ್ತೆ 225 ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು, ವಾರ್ಡುಗಳನ್ನು ಮತ್ತೆ ಹೊಸದಾಗಿ ಎಳೆದರು. ಪ್ರತಿ ಸಲವೂ ಸಂಖ್ಯೆ ಬದಲಾಗಿದೆ, ಒಂದೇ ಹೆಸರಿನ ವಾರ್ಡ್ ಕೂಡ ಕುಗ್ಗಿದೆ. ಹಳೇ ಪಿಐಡಿ, ಅಂದರೆ ಆಸ್ತಿ ಗುರುತಿನ ಸಂಖ್ಯೆಯ ಮೊದಲ ಭಾಗ ನೋಡಿ ವಾರ್ಡ್ ಅಂದುಕೊಳ್ಳುವವರೂ ಇದ್ದಾರೆ. ಅದು ಪಿಐಡಿ ಕೊಟ್ಟ ದಿನದ ವಾರ್ಡ್, ಈಗಿನದ್ದಲ್ಲ.

ರಸೀದಿಯಿಂದ ನಿಮಗೆ ಸಿಗುವುದು ದಿಕ್ಕು: ಹಳೇ ಮಹದೇವಪುರ ವಲಯ, ಅಂದರೆ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆ. ಇದನ್ನು ಇನ್ನೊಂದು ಕಡೆಯಿಂದ ಖಾತ್ರಿ ಮಾಡಿಕೊಳ್ಳಿ. ಫೋನಿಗೆ ಭೂಮಾಪನ ಇಲಾಖೆಯ ‘ದಿಶಾಂಕ್’ ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತು ತೆರೆಯಿರಿ. ಸರ್ವೆ ನಂಬರ್, ಗ್ರಾಮ, ಹೋಬಳಿ, ತಾಲ್ಲೂಕು ತೋರಿಸುತ್ತದೆ. ಒಳಗೆ ನಿಂತರೆ ಚುಕ್ಕಿ ಪಕ್ಕದ ಸರ್ವೆ ನಂಬರಿಗೆ ಜಾರುವುದುಂಟು, ಆದ್ದರಿಂದ ಉಪಗ್ರಹ ಚಿತ್ರದಲ್ಲಿ ನಿಮ್ಮ ಕಟ್ಟಡದ ಚಾವಣಿಯನ್ನೇ ಮುಟ್ಟಿ ನೋಡಿ. ಹರಳೂರು, ವರ್ತೂರು ಹೋಬಳಿ ಅಂತ ಬಂದರೆ ರಸೀದಿ ಸರಿ. ‘ಹರಳುಕುಂಟೆ’ ಅಂತ ಬಂದರೆ ನಿಲ್ಲಿ. ಹೆಸರು ಹತ್ತಿರ ಇದ್ದರೂ ಅದು ಬೇಗೂರು ಹೋಬಳಿ, ದಕ್ಷಿಣ ತಾಲ್ಲೂಕು. ಆಗ ಮೊದಲು ಪ್ರತಿಕ್ರಿಯಿಸಿದವರ ಮಾತೇ ನಿಮಗೂ ಅನ್ವಯಿಸಬಹುದು.

ಅಪಾರ್ಟ್‌ಮೆಂಟ್ ಸಂಘದವರು: ಸರ್, ನಮ್ಮ ಕಟ್ಟಡದ ಮುಂದೆ ಮುಖ್ಯರಸ್ತೆ, ಹಿಂದೆ ಅಡ್ಡರಸ್ತೆ. ಮುಖ್ಯರಸ್ತೆ ‘ಸಿ’, ಅಡ್ಡರಸ್ತೆ ‘ಡಿ’. ಎರಡೂ ಕಡೆ ಗೇಟ್ ಇದೆ. ಕೆಲವು ಫ್ಲ್ಯಾಟಿನವರು ‘ಡಿ’ ದರದಲ್ಲಿ ಕಟ್ಟಿದ್ದಾರೆ. ಯಾರು ಸರಿ?

ನಿವೃತ್ತ ಕಂದಾಯ ನಿರೀಕ್ಷಕರು: ಇದು ಮೇಡಂ ಕೇಳಿದ್ದಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ದುಡ್ಡು ಹೋಗುತ್ತದೆ. 2016ರಲ್ಲಿ ವಲಯ ವರ್ಗೀಕರಣ ಪರಿಷ್ಕರಿಸಿದರು. ಹಳೇ ಅಕ್ಷರದಲ್ಲೇ ಕಟ್ಟುತ್ತಾ ಹೋದವರಿಗೆ ವರ್ಷಗಳ ಮೇಲೆ ವ್ಯತ್ಯಾಸದ ಮೊತ್ತ, ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂತು. ಒಂದೇ ಕಟ್ಟಡದೊಳಗೆ ಎರಡು ಅಕ್ಷರ ಇದ್ದರೆ ಪರಿಶೀಲನೆಯಲ್ಲಿ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಮಂಜೂರಾದ ನಕ್ಷೆಯಲ್ಲಿ ಪ್ರವೇಶ ಯಾವ ರಸ್ತೆಗೆ ತೋರಿಸಿದೆಯೋ ಅದನ್ನು ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ತೆರಿಗೆ ಸಲಹೆಗಾರರು: ನಾನು ಒಪ್ಪುವುದಿಲ್ಲ ಸರ್. ಖಾತೆಯಲ್ಲಿ ಯಾವ ರಸ್ತೆಯ ಹೆಸರಿದೆಯೋ ಅದೇ ರಸ್ತೆಯ ಅಕ್ಷರ ಅಂತ ವಾದಿಸಿದ ಫೈಲುಗಳನ್ನು ನಾನು ನೋಡಿದ್ದೇನೆ. ನಕ್ಷೆಯ ಗೇಟು ಒಂದು ಕಡೆ, ಖಾತೆಯ ರಸ್ತೆ ಇನ್ನೊಂದು ಕಡೆ ಇರುವುದು ಅಪರೂಪವೇನಲ್ಲ.

ನಿವೃತ್ತ ಕಂದಾಯ ನಿರೀಕ್ಷಕರು: ಇರಬಹುದು. ಅದಕ್ಕೇ ಸಂಘದಿಂದ ಸಹಾಯಕ ಕಂದಾಯ ಅಧಿಕಾರಿಗೆ ಒಂದು ಪತ್ರ ಕೊಟ್ಟು ಲಿಖಿತ ಉತ್ತರ ತೆಗೆದುಕೊಳ್ಳಿ. ಬಾಯಿಮಾತಿನ ಉತ್ತರ ನೋಟಿಸ್ ಬಂದ ದಿನ ಉಪಯೋಗಕ್ಕೆ ಬರುವುದಿಲ್ಲ.

ಬೇಕರಿಯವರು: ದಿಶಾಂಕ್‌ನಲ್ಲಿ ಹರಳೂರು, ವರ್ತೂರು ಹೋಬಳಿ ಅಂತಲೇ ಬಂತು ಸರ್. ಪೂರ್ವ ಪಾಲಿಕೆಯ ವಾರ್ಡ್ ನಕ್ಷೆ ತೆರೆದರೆ ವಾರ್ಡಿನ ಗೆರೆ ಸರಿಯಾಗಿ ನಮ್ಮ ಅಂಗಡಿ ಮುಂದಿನ ರಸ್ತೆ ಮೇಲೇ ಹೋಗಿದೆ. ಎದುರಿನ ಔಷಧಿ ಅಂಗಡಿಯವರು ಒಂದು ವಾರ್ಡ್ ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು.

ನಿವೃತ್ತ ಕಂದಾಯ ನಿರೀಕ್ಷಕರು: ಇಬ್ಬರೂ ನಿಜ ಹೇಳುತ್ತಿರಬಹುದು. ರಸ್ತೆಯೇ ಗಡಿಯಾದಾಗ ಎದುರುಬದುರಿನ ಕಟ್ಟಡಗಳು ಬೇರೆಬೇರೆ ವಾರ್ಡಿಗೆ ಬೀಳುತ್ತವೆ. ನಕ್ಷೆಯ ಗೆರೆಯನ್ನು ಹಿಗ್ಗಿಸಿ ನೋಡುತ್ತಾ ಕೂರಬೇಡಿ, ರಸ್ತೆಯ ಮೇಲೆ ಅದು ಆಚೀಚೆ ಸರಿದಿರುತ್ತದೆ. ವಾರ್ಡ್ ಅಧಿಸೂಚನೆಯಲ್ಲಿ ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಅಂತ ಗಡಿ ವಿವರ ಬರೆದಿರುತ್ತಾರೆ. ಅದೇ ಆಧಾರ. ಒಂದು ವಾರ್ಡಿನ ‘ಪೂರ್ವಕ್ಕೆ’ ಅನ್ನುವಲ್ಲಿ ನಿಮ್ಮ ರಸ್ತೆಯ ಹೆಸರಿದ್ದರೆ, ಆ ರಸ್ತೆಯ ಪಶ್ಚಿಮ ಬದಿಯ ಕಟ್ಟಡಗಳು ಆ ವಾರ್ಡಿಗೆ. ಪಕ್ಕದ ವಾರ್ಡಿನ ವಿವರ ತೆಗೆದರೆ ಅದೇ ರಸ್ತೆ ‘ಪಶ್ಚಿಮಕ್ಕೆ’ ಅಂತ ಬಂದಿರಬೇಕು. ಎರಡೂ ಹೊಂದಿದರೆ ಅನುಮಾನ ಮುಗಿಯಿತು. ನಿಮ್ಮ ಅಂಗಡಿ ಯಾವ ಬದಿಗೆ?

ಬೇಕರಿಯವರು: ಪೂರ್ವ ಬದಿಗೆ ಸರ್. ಬಾಗಿಲು ಪಶ್ಚಿಮಕ್ಕೆ.

ನಿವೃತ್ತ ಕಂದಾಯ ನಿರೀಕ್ಷಕರು: ಹಾಗಾದರೆ ಯಾವ ವಾರ್ಡಿನ ‘ಪಶ್ಚಿಮಕ್ಕೆ’ ಸಾಲಿನಲ್ಲಿ ನಿಮ್ಮ ರಸ್ತೆ ಇದೆಯೋ ಅದು ನಿಮ್ಮದು. ಅರ್ಜಿಗೆ ಮಾಲೀಕರ ಈ ಸಾಲಿನ ತೆರಿಗೆ ರಸೀದಿ ಲಗತ್ತಿಸಿ, ಹಳೆಯದು ಬೇಡ. ಹೊಸ ರಸೀದಿಯಲ್ಲೂ ಹಳೇ ವಾರ್ಡೇ ಇದ್ದರೆ ಆಸ್ತಿ ಅದೇ ಎಂದು ಗುರುತಿಸಲು ರಸೀದಿಯಲ್ಲಿರುವ ತೆರಿಗೆ ಅರ್ಜಿ ಸಂಖ್ಯೆ ಸಾಕು. ಮಾಲೀಕರು ಗಾಬರಿಯಾಗುವುದೂ ಬೇಡ. ಕಟ್ಟಿದ ತೆರಿಗೆ ಆ ಅರ್ಜಿ ಸಂಖ್ಯೆಯ ಲೆಕ್ಕಕ್ಕೆ ಜಮೆಯಾಗಿದೆ, ವಾರ್ಡ್ ಸಂಖ್ಯೆ ಬದಲಾದರೆ ಅದು ಕಳೆದುಹೋಗುವುದಿಲ್ಲ. ಪರವಾನಗಿ ಫೈಲು ಹಾಗಲ್ಲ. ತಪ್ಪು ವಾರ್ಡ್ ಹಾಕಿದರೆ ಆ ವಾರ್ಡಿನ ಆರೋಗ್ಯ ನಿರೀಕ್ಷಕರು ಸ್ಥಳ ತಮ್ಮ ವ್ಯಾಪ್ತಿಯಲ್ಲಿಲ್ಲ ಅಂತ ವಾಪಸ್ ಮಾಡುತ್ತಾರೆ.

ತೆರಿಗೆ ಸಲಹೆಗಾರರು: ಮೇಡಂ, ಇನ್ನೊಂದು ವಿಷಯ. ವಾರ್ಡ್ ಸರಿಯಾದ ಮೇಲೆ ಕಡತದಲ್ಲಿ ಮೂರನೇ ‘ವಲಯ’ ಒಂದು ಎದುರಾಗಬಹುದು: ಬಿಡಿಎ ಮಹಾಯೋಜನೆಯಲ್ಲಿ ಆ ಜಾಗ ವಸತಿಯೋ ವಾಣಿಜ್ಯವೋ ಅನ್ನುವುದು. ಬೇಕರಿ ಅಂದರೆ ಒಲೆ ಇರುತ್ತದೆ, ಅದನ್ನು ಕೇಳುತ್ತಾರೆ. ಮುಂಗಡ ಕೊಟ್ಟಾಗಿದೆಯಾ?

ಬೇಕರಿಯವರು: ಅರ್ಧ ಕೊಟ್ಟಿದ್ದೇನೆ ಸರ್. ಉಳಿದದ್ದು ಪರವಾನಗಿ ಬಂದ ಮೇಲೆ ಅಂತ ಮಾತಾಗಿದೆ. ಭೂಬಳಕೆಯದು ಮಾಲೀಕರ ಹತ್ತಿರ ಈಗಲೇ ಕೇಳುತ್ತೇನೆ.