ಸಹಾಯ ಬೇಕು: ಹೊಸ ಚಾಟ್‌ಗೆ "ಇದಾ, ಅದಾ" ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆಯವನು. ಮನೆಯವರು ನೋಡಿದ ಸಂಬಂಧ, ಹುಡುಗಿ ಹಾಸನದವರು. ಈಗಷ್ಟೇ ವಾಟ್ಸಾಪ್‌ನಲ್ಲಿ ಮಾತು ಶುರುವಾಗಿದೆ. "ಊಟ ಆಯ್ತಾ" ದಾಟಿ ಮುಂದೆ ಹೋಗಲಿ ಅಂತ "ಎರಡು ನಿಜ, ಒಂದು ಸುಳ್ಳು" ಆಟ ಆಡಿದೆವು.

ಇದರಲ್ಲಿ ಮೂರೂ ಸಾಲು ನಂಬುವ ಹಾಗಿರಬೇಕು. "ಹುಲಿ ಸಾಕಿದ್ದೇನೆ" ಅಂದರೆ ಸುಳ್ಳು ತಕ್ಷಣ ಗೊತ್ತಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಕಳಿಸಿದ್ದು: "ತಡಿಯಂಡಮೋಳ್ ಹತ್ತಿದ್ದೇನೆ, ಈಜು ಬರಲ್ಲ, ಕಾಫಿ ಕುಡಿಯಲ್ಲ." ಕಾಫಿ ತೋಟದ ಮನೆಯವರು ಕಾಫಿ ಕುಡಿಯಲ್ವಾ ಅಂತ ಅವರು ಅದನ್ನೇ ಸುಳ್ಳು ಎಂದರು. ಅದು ನಿಜ! ಈಜು ಬರುತ್ತೆ, ಹೊಳೆಯಲ್ಲೇ ಕಲಿತದ್ದು ಅಂದಾಗ ಮಾತು ಚೆನ್ನಾಗಿ ಬೆಳೆಯಿತು. ಸುಳ್ಳಿನ ಹಿಂದೆಯೂ ಒಂದು ಕಥೆ ಇರಬೇಕು, ಅಲ್ವಾ?

ತೊಂದರೆ ಇರುವುದು "ಇದಾ, ಅದಾ" ಆಟದಲ್ಲಿ. "ಬೆಟ್ಟವಾ, ಸಮುದ್ರವಾ" ಅಂದರೆ "ಬೆಟ್ಟ" ಅಂತ ಒಂದೇ ಪದ ಬರುತ್ತದೆ. ಎರಡರಲ್ಲೂ ಸ್ವಲ್ಪ ಕಷ್ಟ, ಸ್ವಲ್ಪ ಆಸೆ ಇರುವ ಪ್ರಶ್ನೆ ಬೇಕು. ಹೀಗೊಂದು ಬರೆದಿದ್ದೇನೆ: "ಜುಲೈ ಮಳೆಯಲ್ಲಿ ಕರೆಂಟಿಲ್ಲದ ಮಡಿಕೇರಿಯಲ್ಲಿ ಒಂದು ವಾರವಾ, ಏಪ್ರಿಲ್ ಬಿಸಿಲಲ್ಲಿ ಎಸಿ ಇರುವ ಬೆಂಗಳೂರಿನ ಮನೆಯಲ್ಲಾ? ಯಾಕೆ?"

ಇಂಥವು ಇನ್ನೂ ನಾಲ್ಕೈದು ಹೇಳುತ್ತೀರಾ? ಸಂಬಳ, ಹಳೆಯ ಪ್ರೀತಿಯ ವಿಷಯ ಬೇಡ. ಅವರಿಗೆ ಪರೀಕ್ಷೆ ಅನ್ನಿಸಬಾರದು.